ತಾಮ್ರದ ಚೊಂಬಿನಲ್ಲಿ ರಾತ್ರಿಯಿಟ್ಟ ನೀರು: ಎಷ್ಟು ತಾಮ್ರ ಕರಗುತ್ತದೆ?

ತಾಮ್ರದ ನೀರಿನ ಬಗ್ಗೆ ಮಾತು ಬಂದಾಗ ನಾನು ಮೊದಲು ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತೇನೆ: ಲೀಟರಿಗೆ 0.177 ಮಿಲಿಗ್ರಾಂ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಅಳತೆ ಇದು. ಅವರು ನೀರಿಗೆ ಬೇಕೆಂದೇ ಕಾಲರಾ, ಆಮಶಂಕೆಯಂಥ ಕಾಯಿಲೆ ತರುವ ಬ್ಯಾಕ್ಟೀರಿಯಾ ಸೇರಿಸಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಅದನ್ನು ಕಲ್ಚರ್ ಮಾಡಿದಾಗ ಯಾವ ಬ್ಯಾಕ್ಟೀರಿಯಾವೂ ಬೆಳೆಯಲಿಲ್ಲ. ನೀರಿನ ಹುಳಿಯ ಮಟ್ಟ ಹೇಳುವ ಪಿಎಚ್ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು.

ಈ 0.177 ದೊಡ್ಡದೋ ಚಿಕ್ಕದೋ? ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ಲೀಟರ್ ಇಂಥ ನೀರು ಕುಡಿದರೆ ದೇಹಕ್ಕೆ ಸೇರುವುದು ಸುಮಾರು 0.35 ಮಿಲಿಗ್ರಾಂ. ಅಮೆರಿಕದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದ ತಾಮ್ರ 0.9 ಮಿಲಿಗ್ರಾಂ, ಅದರಲ್ಲಿ ಬಹುಪಾಲು ಬೇಳೆಕಾಳು, ಎಳ್ಳು, ಕಡಲೆಬೀಜಗಳಿಂದ ಹೇಗೂ ಸಿಗುತ್ತದೆ. ಇನ್ನು ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ಅಳತೆ ಅದರ ಹನ್ನೊಂದನೇ ಒಂದು ಭಾಗ. ಆರೋಗ್ಯವಂತ ವಯಸ್ಕರು ಒಳ್ಳೆಯ ಪಾತ್ರೆಯಲ್ಲಿಟ್ಟ ಸಾದಾ ನೀರಿಗೆ ಹೆದರಬೇಕಿಲ್ಲ ಎನ್ನುವುದು ಈ ಲೆಕ್ಕದಿಂದಲೇ.

ಆದರೆ ಇದು ಆ ನೀರಿನ, ಆ ಪಾತ್ರೆಯ ಸಂಖ್ಯೆ. ಎಲ್ಲರ ಮನೆಯಲ್ಲೂ ಅಷ್ಟೇ ಇರುತ್ತದೆಂದು ಹೇಳಲಾಗದು. ನೀರಿನಲ್ಲಿ ಕರಗಿದ ಆಮ್ಲಜನಕ ಲೋಹದ ಮೇಲ್ಮೈಯನ್ನು ಉತ್ಕರ್ಷಿಸಿ ತಾಮ್ರದ ಅಯಾನುಗಳನ್ನು ಬಿಡಿಸುತ್ತದೆ:

2Cu + O₂ + 4H⁺ → 2Cu²⁺ + 2H₂O

ಸಮೀಕರಣದಲ್ಲಿ H⁺ ಇರುವ ಜಾಗ ನೋಡಿ, ಹುಳಿ ಎಂದರೆ ಅದೇ. ಹುಳಿ ಹೆಚ್ಚಿದಷ್ಟೂ ಕರಗುವುದು ಹೆಚ್ಚು. ಸಾದಾ ನೀರಿನಲ್ಲಾದರೆ ಲೋಹದ ಮೇಲೆ ಕಂದು ಆಕ್ಸೈಡಿನ ಪದರ ಕೂತು ಕರಗುವಿಕೆಯನ್ನು ನಿಧಾನ ಮಾಡುತ್ತದೆ. ಹುಳಿ ಆ ಪದರವನ್ನೇ ತಿಂದುಹಾಕುತ್ತದೆ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು: ಕಪ್ಪಾದ ಚೊಂಬಿಗೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಕೈ ಹೋದಲ್ಲೆಲ್ಲ ಕೆಂಪು ಲೋಹ ಹೊಳೆಯುತ್ತದೆ. ಕರಗಿದ ಆಕ್ಸೈಡ್ ಹುಣಸೆ ರಸದ ಜೊತೆ ಹರಿದುಹೋಗುತ್ತಿದೆ. ಅದಕ್ಕೇ ತಿಕ್ಕಿದ ಮೇಲೆ ಎರಡು ಮೂರು ಸಲ ಚೆನ್ನಾಗಿ ತೊಳೆಯಬೇಕು.

ಅದಕ್ಕೇ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ನಿಂಬೆ ಪಾನಕ ಇಡಬಾರದು. ಪಿಎಚ್ 6ಕ್ಕಿಂತ ಕಡಿಮೆಯಿರುವ, ಅಂದರೆ ಹುಳಿಯಾದ ಆಹಾರ ತಾಮ್ರಕ್ಕೆ ತಾಗಕೂಡದು ಎಂದು ಅಮೆರಿಕದ ಫುಡ್ ಕೋಡ್ ಕೂಡ ಹೇಳುತ್ತದೆ. ಬೆಳಗ್ಗೆ ತಾಮ್ರದ ನೀರಿಗೆ ನಿಂಬೆ ಹಿಂಡಿ ಕುಡಿಯುವವರು ನೀರನ್ನು ಮೊದಲು ಲೋಟಕ್ಕೆ ಬಗ್ಗಿಸಿಕೊಂಡು ಆಮೇಲೆ ಹಿಂಡಲಿ. ನಮ್ಮ ಹಿರಿಯರು ಹುಳಿ ಅಡುಗೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದರ ಕಾರಣವೂ ಇದೇ.

ಪಾತ್ರೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಒಂದೇ ಆಕಾರದ ಎರಡು ಪಾತ್ರೆಗಳಲ್ಲಿ ಒಂದರ ಅಗಲ ಇನ್ನೊಂದರ ಅರ್ಧವಿದ್ದರೆ, ಚಿಕ್ಕದರಲ್ಲಿ ಪ್ರತಿ ಲೀಟರ್ ನೀರಿಗೆ ತಾಗುವ ಲೋಹದ ಮೇಲ್ಮೈ ಇಮ್ಮಡಿ. ಹಾಗಾಗಿ ಬಿಂದಿಗೆಗೆ ಹೊಂದುವ ಹೊತ್ತು ಬಾಟಲಿಗೂ ಹೊಂದುತ್ತದೆಂದು ತಿಳಿಯಬಾರದು, ಅದರಲ್ಲೂ ಎರಡು ಮೂರು ದಿನ ಮರೆತಿಟ್ಟ ನೀರನ್ನು ಚೆಲ್ಲುವುದೇ ವಾಸಿ. ಒಳಗೆ ಹಸಿರು ಕಿಲುಬು ಕಂಡರೆ, ನೀರು ಬಾಯಿಗೆ ಕಹಿಯಾಗಿ ಲೋಹದ ರುಚಿ ಕೊಟ್ಟರೆ ಕುಡಿಯಬೇಡಿ. ಅತಿಯಾದ ತಾಮ್ರ ಮೊದಲು ಹೊಟ್ಟೆಯನ್ನೇ ಕೆಡಿಸುತ್ತದೆ: ಕುಡಿದ ಸ್ವಲ್ಪ ಹೊತ್ತಿಗೇ ವಾಕರಿಕೆ, ವಾಂತಿ, ಹೊಟ್ಟೆನೋವು.

ಲಾಭದ ಮಾತಿಗೆ ಬಂದರೆ, ಬ್ಯಾಕ್ಟೀರಿಯಾ ಸಾಯುವುದು ಪ್ರಯೋಗದಲ್ಲಿ ಕಂಡ ಸತ್ಯ. ಆದರೆ ಫ್ಲೋರೈಡ್, ನೈಟ್ರೇಟ್ ತಾಮ್ರದಿಂದ ಹೋಗುವುದಿಲ್ಲ, ಕೋಲಾರದಂಥ ಕಡೆ ಕೊಳವೆಬಾವಿ ನೀರು ಕುಡಿಯುವವರು ಇದನ್ನು ಗಮನಿಸಬೇಕು. ತೂಕ ಇಳಿಯುತ್ತದೆ, ಥೈರಾಯ್ಡ್ ಸರಿಹೋಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ರಕ್ತಹೀನತೆಯ ಮಾತಿನಲ್ಲಿ ಒಂದೆಳೆ ನಿಜವಿದೆ, ದೇಹ ಕಬ್ಬಿಣವನ್ನು ಬಳಸಿಕೊಳ್ಳಲು ತಾಮ್ರ ಬೇಕು. ಆದರೆ ತಾಮ್ರದ ಕೊರತೆ ಅಪರೂಪ. ನಮ್ಮಲ್ಲಿ ಬಹಳ ಸಲ ಕಡಿಮೆಯಿರುವುದು ಕಬ್ಬಿಣವೇ, ಅದು ಚೊಂಬಿನಿಂದ ಬರುವುದಿಲ್ಲ.

ಈ ಇಡೀ ಲೆಕ್ಕ ಇಬ್ಬರಿಗೆ ಅನ್ವಯಿಸುವುದಿಲ್ಲ. ವಿಲ್ಸನ್ ಕಾಯಿಲೆಯವರಲ್ಲಿ ATP7B ಜೀನಿನ ದೋಷದಿಂದ ಪಿತ್ತಜನಕಾಂಗ ಹೆಚ್ಚಿನ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕಲಾರದು, ಅದು ಅಲ್ಲೇ, ಮಿದುಳಿನಲ್ಲೂ ಶೇಖರವಾಗುತ್ತದೆ. ಇನ್ನೊಬ್ಬರು ಹಸುಗೂಸುಗಳು. ಒಂದು ಕಾಲಕ್ಕೆ ಭಾರತದಲ್ಲಿ ಎಳೆಯ ಮಕ್ಕಳ ಜೀವ ತೆಗೆಯುತ್ತಿದ್ದ ಪಿತ್ತಜನಕಾಂಗದ ಸಿರೋಸಿಸ್ ಒಂದಿತ್ತು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಕುಡಿಸುವುದಕ್ಕೂ ಅದಕ್ಕೂ ನಂಟಿದೆಯೆಂದು 1980ರ ದಶಕದ ಅಧ್ಯಯನಗಳು ತೋರಿಸಿದವು. ಹಾಲಿನ ಕೇಸೀನ್ ಎಂಬ ಪ್ರೋಟೀನು ತಾಮ್ರವನ್ನು ಹಿಡಿದುಕೊಂಡು ಮಗುವಿನ ಹೊಟ್ಟೆಗೆ ಸಾಗಿಸುತ್ತಿತ್ತು. ಹಾಲು ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗೆ ಬಂದ ಮೇಲೆ ಆ ಕಾಯಿಲೆ ಬಹುಮಟ್ಟಿಗೆ ಮರೆಯಾಯಿತು.