ಕಾನೂನಿಗೆ ಮೊದಲ ಆಧಾರ ಯಾವುದು? ಇಮಾಮ್ ಶಾಫಿಈ ಬರೆದ ‘ರಿಸಾಲಾ’

8ನೇ ಶತಮಾನದ ನಡುಭಾಗ. ಇಬ್ನುಲ್ ಮುಖಫ್ಫಾ ಎಂಬ ಬರಹಗಾರ ಬಾಗ್ದಾದನ್ನು ಕಟ್ಟಿಸಿದ ಖಲೀಫ ಮನ್ಸೂರನಿಗೆ ಒಂದು ಮನವಿ ಬರೆದ. ಇರಾಕಿನ ಕೂಫಾ ಮತ್ತು ಹೀರಾ ಅಕ್ಕಪಕ್ಕದ ಊರುಗಳು. ಆದರೆ ಒಂದು ಊರಿನ ನ್ಯಾಯಾಧೀಶ ಸರಿ ಎಂದದ್ದು ಇನ್ನೊಂದು ಊರಿನಲ್ಲಿ ತಪ್ಪು. ಕೂಫಾದ ಒಳಗೇ ಒಂದು ಕೇರಿಗೆ ಒಂದು ನ್ಯಾಯ, ಪಕ್ಕದ ಕೇರಿಗೆ ಇನ್ನೊಂದು. ಜೀವ, ಮದುವೆ, ಆಸ್ತಿಯ ವಿಷಯದಲ್ಲೂ ಹೀಗೇ. ಈ ತೀರ್ಪುಗಳನ್ನೆಲ್ಲ ತರಿಸಿ ನೋಡಿ, ತಾವೇ ಒಂದು ಕಾನೂನು ಪುಸ್ತಕ ಹೊರಡಿಸಿ ಎಂಬುದು ಅವನ ಸಲಹೆ. ಅದು ಜಾರಿಗೆ ಬರಲಿಲ್ಲ.

ಸುಮಾರು ಎರಡು ತಲೆಮಾರು ಕಳೆದ ಮೇಲೆ ಇದೇ ಸಮಸ್ಯೆಗೆ ಬೇರೆ ದಾರಿಯಿಂದ ಉತ್ತರ ಹುಡುಕಿದವರು ಮುಹಮ್ಮದ್ ಬಿನ್ ಇದ್ರೀಸ್ ಅಶ್ಶಾಫಿಈ. ತೀರ್ಪು ಏನಿರಬೇಕು ಎಂದು ಅವರು ಪಟ್ಟಿ ಮಾಡಲಿಲ್ಲ. ತೀರ್ಪಿಗೆ ಯಾವುದನ್ನು ಆಧಾರವಾಗಿ ಕೊಡಬಹುದು, ಎರಡು ಆಧಾರಗಳು ಎದುರಾದರೆ ಯಾವುದು ಮೇಲು ಎಂಬುದನ್ನು ಬರೆದಿಟ್ಟರು. ಇಸ್ಲಾಮೀ ಕಾನೂನಿನಲ್ಲಿ ಈ ಬಗ್ಗೆ ಇಂದಿಗೂ ಉಳಿದಿರುವ ಮೊದಲ ವ್ಯವಸ್ಥಿತ ಪುಸ್ತಕ ಅವರ ‘ರಿಸಾಲಾ’.

ಶಾಫಿಈ 767ರಲ್ಲಿ ಹುಟ್ಟಿದರು. ಹುಟ್ಟೂರು ಗಾಜಾ ಎಂದು ಹೆಚ್ಚಿನವರು ಹೇಳುತ್ತಾರೆ. ಬೆಳೆದದ್ದು ಮಕ್ಕಾದಲ್ಲಿ. ಮದೀನಾಕ್ಕೆ ಹೋಗಿ ಇಮಾಮ್ ಮಾಲಿಕ್ ಅವರ ಹತ್ತಿರ ಕಲಿತರು. ಅಲ್ಲಿ ಊರಿನ ಹಿರಿಯರ ರೂಢಿಗೆ ತೂಕ ಜಾಸ್ತಿ: ಪ್ರವಾದಿ ಬಾಳಿದ ಊರು, ಹಾಗಾಗಿ ಇಲ್ಲಿನ ನಡವಳಿಕೆಯೇ ಪ್ರಮಾಣ ಎಂಬ ನಂಬಿಕೆ. ಆಮೇಲೆ ಇರಾಕಿನಲ್ಲಿ ಇಮಾಮ್ ಅಬೂ ಹನೀಫರ ಶಿಷ್ಯ ಶೈಬಾನಿಯವರ ಹತ್ತಿರ ಕಲಿತರು. ಅಲ್ಲಿ ತರ್ಕಕ್ಕೆ, ಪಂಡಿತರ ವಿವೇಚನೆಗೆ ಜಾಗ ದೊಡ್ಡದು. ಎರಡೂ ಪಾಳಯಗಳನ್ನು ಒಳಗಿನಿಂದ ನೋಡಿದ್ದರಿಂದಲೇ ಎರಡರ ಸಡಿಲ ಜಾಗವೂ ಅವರಿಗೆ ಕಾಣಿಸಿತು ಎಂದು ನನಗನ್ನಿಸುತ್ತದೆ. ಕೊನೆಯ ವರ್ಷಗಳನ್ನು ಈಜಿಪ್ಟಿನಲ್ಲಿ ಕಳೆದು 820ರಲ್ಲಿ ಅಲ್ಲೇ ತೀರಿಕೊಂಡರು. ಇಂದು ನಾವು ಓದುವ ‘ರಿಸಾಲಾ’ ಅಲ್ಲಿ ಅವರು ಹೊಸದಾಗಿ ಬರೆಸಿದ ರೂಪ. ಶಿಷ್ಯ ರಬೀ ಅದನ್ನು ಮುಂದಿನವರಿಗೆ ದಾಟಿಸಿದರು.

ಈ ಪುಸ್ತಕದ ಬಗ್ಗೆ ಸಾಮಾನ್ಯವಾಗಿ ಹೇಳುವುದು ಒಂದೇ ಸಾಲು: ಮೊದಲು ಕುರ್‌ಆನ್, ಎರಡನೆಯದು ಸುನ್ನತ್ ಅಂದರೆ ಪ್ರವಾದಿಯವರ ನಡೆನುಡಿ, ಮೂರನೆಯದು ಇಜ್ಮಾ ಅಂದರೆ ಸಮುದಾಯದ ಒಮ್ಮತ, ನಾಲ್ಕನೆಯದು ಕಿಯಾಸ್ ಅಂದರೆ ಹೋಲಿಕೆಯಿಂದ ತೀರ್ಮಾನಿಸುವುದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪುಸ್ತಕದ ಒಳಗೆ ಈ ನಾಲ್ಕು ಮೆಟ್ಟಿಲುಗಳು ಇಷ್ಟು ನೀಟಾಗಿಲ್ಲ. ಶಾಫಿಈ ಅಳೆಯುವುದು ಆಧಾರದ ಹೆಸರನ್ನಲ್ಲ, ಅದನ್ನು ಎಷ್ಟರ ಮಟ್ಟಿಗೆ ಖಚಿತವಾಗಿ ನಂಬಬಹುದು ಎಂಬುದನ್ನು. ಅವರೇ ಬಿಡಿಸಿದ ಒಂದು ಲೆಕ್ಕ ನೋಡಿದರೆ ಇದು ಗೊತ್ತಾಗುತ್ತದೆ.

ಕುರ್‌ಆನಿನ ಎರಡನೇ ಅಧ್ಯಾಯದ 180ನೇ ವಚನ, ಸಾವು ಹತ್ತಿರ ಬಂದಾಗ ತಂದೆತಾಯಿಗೂ ಬಂಧುಗಳಿಗೂ ಉಯಿಲು ಮಾಡಿ ಎನ್ನುತ್ತದೆ. ನಾಲ್ಕನೇ ಅಧ್ಯಾಯದ 11 ಮತ್ತು 12ನೇ ವಚನಗಳು ವಾರಸುದಾರರ ಪಾಲನ್ನು ಲೆಕ್ಕ ಹಾಕಿಯೇ ಕೊಟ್ಟುಬಿಡುತ್ತವೆ. ಸತ್ತವರಿಗೆ ಮಕ್ಕಳಿದ್ದರೆ ತಂದೆಗೆ ಆರನೇ ಒಂದು, ತಾಯಿಗೆ ಆರನೇ ಒಂದು, ಹೀಗೆ. ಹಾಗಾದರೆ ತಂದೆತಾಯಿಗೆ ಗೊತ್ತಾದ ಪಾಲೂ ಸಿಗಬೇಕೇ, ಅದರ ಮೇಲೆ ಉಯಿಲಿನಿಂದ ಇನ್ನಷ್ಟೂ ಸಿಗಬೇಕೇ? ಇಲ್ಲ, ಪಾಲಿನ ವಚನ ಬಂದ ಮೇಲೆ ಉಯಿಲಿನ ವಚನದ ಆದೇಶ ಮುಗಿಯಿತೇ? ವಚನಗಳನ್ನು ಎಷ್ಟು ಸಲ ಓದಿದರೂ ಎರಡೂ ಅರ್ಥ ಹೊಂದುತ್ತವೆ ಎಂದು ಶಾಫಿಈ ಒಪ್ಪಿಕೊಳ್ಳುತ್ತಾರೆ.

ಆಗ ಅವರು ಸುನ್ನತ್ ಕಡೆ ತಿರುಗುತ್ತಾರೆ. ಮಕ್ಕಾ ಗೆದ್ದ ವರ್ಷ, ಅಂದರೆ 630ರಲ್ಲಿ, ವಾರಸುದಾರರಿಗೆ ಉಯಿಲು ಇಲ್ಲ ಎಂದು ಪ್ರವಾದಿ ಹೇಳಿದರು ಎಂಬ ವರದಿ ಇದೆ. ಪ್ರಶ್ನೆ ಬಗೆಹರಿಯಿತು ಅಂತ ನಾವಾದರೆ ಪುಸ್ತಕ ಮುಚ್ಚುತ್ತೇವೆ. ಶಾಫಿಈ ಅಷ್ಟಕ್ಕೇ ಬಿಡುವುದಿಲ್ಲ. ಈ ವರದಿ ನಮಗೆ ತಲುಪಿದ್ದು ಹೇಗೆ ಎಂದು ಕೇಳುತ್ತಾರೆ. ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದವರ ಸರಣಿಯನ್ನು ನೋಡುತ್ತಾರೆ. ಸಿರಿಯಾದವರು ಹೇಳುವ ಸರಣಿಯಲ್ಲಿ ಕೆಲವರು ಯಾರೆಂದೇ ಗೊತ್ತಿಲ್ಲ, ಹದೀಸ್ ಅಂದರೆ ಪ್ರವಾದಿಯವರ ಬಗೆಗಿನ ಇಂಥ ವರದಿಗಳನ್ನು ಬಲ್ಲವರು ಅದನ್ನು ಗಟ್ಟಿ ಎನ್ನುವುದಿಲ್ಲ. ಶಾಫಿಈ ಕೈಯಲ್ಲಿರುವ ಸರಣಿಯಲ್ಲೂ ಒಂದು ಕೊಂಡಿ ಕಳಚಿದೆ. ಇದನ್ನು ಅವರು ಮುಚ್ಚಿಡದೆ ಬರೆಯುತ್ತಾರೆ. ಆದರೂ ವರದಿಯನ್ನು ಒಪ್ಪುತ್ತಾರೆ. ಯಾಕೆಂದರೆ ಪ್ರವಾದಿಯವರ ಕಾಲದ ಯುದ್ಧಗಳ ಚರಿತ್ರೆ ಬಲ್ಲ ಎಲ್ಲರೂ ಈ ಮಾತನ್ನು ಭೇದವಿಲ್ಲದೆ ಹೇಳುತ್ತಾರೆ, ಕೇಳಿದವರೆಲ್ಲ ಒಪ್ಪಿದ್ದಾರೆ. ಒಬ್ಬರಿಂದ ಒಬ್ಬರಿಗೆ ಬಂದ ಮಾತಿಗಿಂತ ಬಹಳ ಜನರಿಂದ ಬಹಳ ಜನರಿಗೆ ಬಂದ ಮಾತು ಕೆಲವು ಕಡೆ ಗಟ್ಟಿ ಎಂಬುದು ಅವರ ವಾದ. ಗಮನಿಸಿ, ಇಲ್ಲಿ ಒಮ್ಮತ ಮೂರನೇ ಮೆಟ್ಟಿಲಲ್ಲಿ ಕೂತು ಕಾಯುತ್ತಿಲ್ಲ. ಸುನ್ನತ್‌ನ ಪಕ್ಕದಲ್ಲೇ ನಿಂತು ಅದಕ್ಕೆ ಬಲ ಕೊಡುತ್ತಿದೆ.

ಲೆಕ್ಕ ಇನ್ನೂ ಮುಗಿದಿಲ್ಲ. ವಾರಸುದಾರರಾದ ತಂದೆತಾಯಿಗೆ ಉಯಿಲು ಇಲ್ಲ, ಸರಿ. ಪಾಲು ಸಿಗದ ದೂರದ ಬಂಧುಗಳ ಕತೆ ಏನು? ವಚನದಲ್ಲಿ ಬಂಧುಗಳು ಎಂದಿದೆಯಲ್ಲ, ಹಾಗಾಗಿ ಉಯಿಲು ಮಾಡಿದರೆ ಬಂಧುಗಳಿಗೇ ಮಾಡಬೇಕು, ಹೊರಗಿನವರಿಗೆ ಸಲ್ಲದು ಎಂದು ತಾವೂಸ್ ಎಂಬ ಹಿಂದಿನ ವಿದ್ವಾಂಸರು ಹೇಳಿದ್ದರು. ಇದನ್ನು ಪರೀಕ್ಷಿಸಲು ಶಾಫಿಈ ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಒಂದು ಹದೀಸ್ ಎತ್ತಿಕೊಳ್ಳುತ್ತಾರೆ. ಒಬ್ಬ ಮನುಷ್ಯ ಸಾಯುವಾಗ ತನ್ನ ಆರು ಗುಲಾಮರನ್ನು ಬಿಡುಗಡೆ ಮಾಡಿದ. ಅವನಿಗೆ ಬೇರೆ ಆಸ್ತಿ ಏನೂ ಇರಲಿಲ್ಲ. ಪ್ರವಾದಿ ಆ ಆರು ಮಂದಿಯನ್ನು ಮೂರು ಗುಂಪು ಮಾಡಿ ಇಬ್ಬರನ್ನು ಬಿಡುಗಡೆ ಮಾಡಿದರು, ನಾಲ್ವರನ್ನು ಗುಲಾಮರಾಗಿಯೇ ಉಳಿಸಿದರು.

ಗುಲಾಮಗಿರಿ ಮಾಮೂಲಿಯಾಗಿದ್ದ ಕಾಲದ ಈ ಪ್ರಸಂಗ ಓದುವಾಗ ಆ ನಾಲ್ವರ ಬಗ್ಗೆ ಸಂಕಟವಾಗುತ್ತದೆ. ಶಾಫಿಈ ನೋಡುವುದು ಮಾತ್ರ ಉಯಿಲಿನ ಪ್ರಶ್ನೆಯನ್ನು. ಸಾಯುವಾಗ ಕೊಟ್ಟ ಬಿಡುಗಡೆಯನ್ನು ಪ್ರವಾದಿ ಉಯಿಲಿನಂತೆ ಕಂಡಿದ್ದಾರೆ. ಆ ಕಾಲದಲ್ಲಿ ಅರಬನೊಬ್ಬನ ಗುಲಾಮರು ಅವನ ಬಂಧುಗಳಾಗಿರುತ್ತಿರಲಿಲ್ಲ, ಹೊರಗಿನ ಜನ. ಬಂಧುಗಳಲ್ಲದವರಿಗೆ ಉಯಿಲು ಸಲ್ಲದು ಎಂದಿದ್ದರೆ ಒಬ್ಬರಿಗೂ ಬಿಡುಗಡೆ ಸಿಗುತ್ತಿರಲಿಲ್ಲ. ಇಬ್ಬರಿಗೆ ಸಿಕ್ಕಿದೆ. ಅಂದಮೇಲೆ ಹೊರಗಿನವರಿಗೆ ಉಯಿಲು ಸಲ್ಲುತ್ತದೆ. ಆರರಲ್ಲಿ ಎರಡು ಅಂದರೆ ಮೂರನೇ ಒಂದು. ಹಾಗಾಗಿ ಉಯಿಲು ಆಸ್ತಿಯ ಮೂರನೇ ಒಂದು ಭಾಗವನ್ನು ದಾಟುವಂತಿಲ್ಲ ಎಂಬುದೂ ಇಲ್ಲೇ ಹೊರಟಿತು. ಎಷ್ಟು ಚುರುಕು ಕಣ್ಣು ಅಲ್ವಾ!

ಈ ಇಡೀ ಲೆಕ್ಕದಲ್ಲಿ ಕುರ್‌ಆನ್ ಮೇಲೆ, ಸುನ್ನತ್ ಕೆಳಗೆ ಎಂಬ ಸಂಬಂಧ ಕಾಣುವುದಿಲ್ಲ. ಕುರ್‌ಆನಿನ ವಚನಕ್ಕೆ ಯಾವ ಅರ್ಥ ಎಂದು ಸುನ್ನತ್ ತೋರಿಸುತ್ತದೆ. ಒಂದು ವಚನದ ಆದೇಶವನ್ನು ಇನ್ನೊಂದು ವಚನವೇ ರದ್ದು ಮಾಡಬೇಕು, ಒಂದು ಸುನ್ನತ್ತನ್ನು ಇನ್ನೊಂದು ಸುನ್ನತ್ತೇ ರದ್ದು ಮಾಡಬೇಕು ಎನ್ನುವುದು ಶಾಫಿಈ ನಿಯಮ. ಎರಡೂ ಅಡ್ಡಬರದೆ ಜೋಡಿಯಾಗಿ ನಡೆಯುತ್ತವೆ. ‘ಉಮ್ಮ್’ ಎಂಬ ಅವರ ಇನ್ನೊಂದು ಗ್ರಂಥದಲ್ಲಿ ಐದು ಹಂತ ಹೇಳುವಾಗಲೂ ಕುರ್‌ಆನ್ ಮತ್ತು ಖಚಿತವಾದ ಸುನ್ನತ್ ಎರಡನ್ನೂ ಒಂದೇ ಹಂತದಲ್ಲಿ ಇಟ್ಟಿದ್ದಾರೆ.

ಕೆಳಗಿಳಿದ ಹಾಗೆ ಖಚಿತತೆ ಕಡಿಮೆಯಾಗುತ್ತದೆ. ಕುರ್‌ಆನ್ ಮೇಲೆ ಮತ್ತು ಯಾರೂ ತಕರಾರು ಎತ್ತದ ಸುನ್ನತ್ ಮೇಲೆ ಕೊಟ್ಟ ತೀರ್ಪು ಒಳಗೂ ಹೊರಗೂ ಸತ್ಯ ಎನ್ನುತ್ತಾರೆ. ಒಬ್ಬಿಬ್ಬರು ಹೇಳಿದ ವರದಿಯ ಮೇಲೆ ಕೊಟ್ಟದ್ದು ನಮಗೆ ಕಾಣುವ ಮಟ್ಟಿಗೆ ಸತ್ಯ, ಹೇಳಿದವರು ತಪ್ಪಿರಲೂಬಹುದು. ಒಮ್ಮತ ಅದಾದ ಮೇಲೆ. ಮದೀನಾ ಒಂದೇ ಊರಿನ ಒಮ್ಮತ ಅವರಿಗೆ ಸಾಲದು, ಇಡೀ ಸಮುದಾಯ ಒಪ್ಪಿರಬೇಕು. ಕಿಯಾಸ್ ಕೊನೆಗೆ. ನೀರು ಸಿಗದ ಪ್ರಯಾಣಿಕ ನಮಾಝಿಗೆ ಮುಂಚೆ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳಬಹುದು, ನೀರು ಸಿಕ್ಕರೆ ಅದು ನಡೆಯುವುದಿಲ್ಲ. ವರದಿ ಇರುವಾಗ ಕಿಯಾಸ್ ಮಾಡುವುದೂ ಹಾಗೇ ಎಂಬುದು ಅವರೇ ಕೊಟ್ಟ ಹೋಲಿಕೆ.

ಕೊನೆಯದಾದರೂ ಕಿಯಾಸ್ ಸುಮ್ನೆ ಊಹೆಯಲ್ಲ. ನಮಾಝಿನಲ್ಲಿ ಕಾಬಾದ ಕಡೆ ಮುಖ ಮಾಡಬೇಕು. ಮಕ್ಕಾದಲ್ಲಿ ಇರುವವನಿಗೆ ಕಾಬಾ ಕಣ್ಣಿಗೇ ಕಾಣುತ್ತದೆ. ದೂರದಲ್ಲಿರುವವನು ನಕ್ಷತ್ರ, ಸೂರ್ಯ, ಬೆಟ್ಟ, ಗಾಳಿ ಬೀಸುವ ದಿಕ್ಕು ನೋಡಿ ಹುಡುಕಬೇಕು. ಇಬ್ಬರು ಪ್ರಾಮಾಣಿಕವಾಗಿ ಹುಡುಕಿ ಬೇರೆ ಬೇರೆ ಕಡೆ ತಿರುಗಿದರೂ ಇಬ್ಬರ ಕರ್ತವ್ಯವೂ ಮುಗಿಯಿತು. ಆದರೆ ಗುರುತು ನೋಡದೆ ಮನಸ್ಸಿಗೆ ತೋಚಿದ ಕಡೆ ತಿರುಗುವಂತಿಲ್ಲ. ಇರಾಕಿನವರು ಇಸ್ತಿಹ್ಸಾನ್ ಎನ್ನುತ್ತಿದ್ದ, ಇದೇ ಒಳ್ಳೆಯದು ಎಂದು ಪಂಡಿತ ಆರಿಸಿಕೊಳ್ಳುವ ಪದ್ಧತಿಯನ್ನು ಅವರು ಇದೇ ಕಾರಣಕ್ಕೆ ತಳ್ಳಿಹಾಕಿದರು. ಅದು ಮನಸ್ಸಿನ ಚಪಲ ಎಂದುಬಿಟ್ಟರು. ಮಾತು ಖಾರವೇ. ಇರಾಕಿನವರೂ ತಮ್ಮ ಪದ್ಧತಿಗೆ ಮುಂದೆ ಗಟ್ಟಿ ಸಮರ್ಥನೆ ಕೊಟ್ಟರು, ಇಸ್ತಿಹ್ಸಾನ್ ಅವರಲ್ಲಿ ಇಂದಿಗೂ ಉಳಿದಿದೆ.

‘ರಿಸಾಲಾ’ ಬಂದ ಕೂಡಲೇ ಎಲ್ಲರೂ ಅದನ್ನು ಒಪ್ಪಿದರು ಎಂದೇನೂ ಅಲ್ಲ. ಅದರ ಮೇಲೆ ವ್ಯಾಖ್ಯಾನಗಳು ಹುಟ್ಟಿದ್ದು ನೂರು ವರ್ಷ ಕಳೆದ ಮೇಲೆ, 10ನೇ ಶತಮಾನದಲ್ಲಿ. ಇದನ್ನೇ ಹಿಡಿದು ಇತಿಹಾಸಕಾರ ವಾಇಲ್ ಹಲ್ಲಾಕ್ 1993ರಲ್ಲಿ, ಶಾಫಿಈ ಈ ಶಾಸ್ತ್ರದ ಏಕೈಕ ಶಿಲ್ಪಿ ಎಂಬ ಮಾತನ್ನೇ ಪ್ರಶ್ನಿಸಿದರು. ನಾಲ್ಕು ಮೆಟ್ಟಿಲುಗಳ ಅಚ್ಚುಕಟ್ಟಾದ ಪಟ್ಟಿ ಗಟ್ಟಿಯಾದದ್ದು ಮುಂದಿನವರ ಕೈಯಲ್ಲಿ. ನನಗೆ ಈ ಮಾತು ಸರಿ ಎನಿಸುತ್ತದೆ, ಮೇಲಿನ ಉಯಿಲಿನ ಲೆಕ್ಕವೂ ಅದನ್ನೇ ತೋರಿಸುತ್ತದೆ.

ಭಿನ್ನಾಭಿಪ್ರಾಯವನ್ನು ಶಾಫಿಈ ಎರಡು ಬಗೆ ಮಾಡಿದ್ದರು. ಸ್ಪಷ್ಟ ವಚನವೋ ಸುನ್ನತ್ತೋ ಇರುವಲ್ಲಿ ಬೇರೆ ಹೇಳುವಂತಿಲ್ಲ. ಅರ್ಥ ಮಾಡಿಕೊಳ್ಳುವುದರಲ್ಲಿ, ಹೋಲಿಸುವುದರಲ್ಲಿ ಬರುವ ಭೇದಕ್ಕೆ ಅವಕಾಶ ಇದೆ. ಕರ್ನಾಟಕದ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು, ಒಳನಾಡಿನ ಮುಸ್ಲಿಮರು ಹೆಚ್ಚಾಗಿ ಹನಫಿಗಳು, ಅಂದರೆ ಅಬೂ ಹನೀಫರ ಪಂಥದವರು. ಸಂಜೆಯ ಅಸರ್ ನಮಾಝಿನ ಹೊತ್ತು ಇವರಿಬ್ಬರಿಗೂ ಬೇರೆ. ನಡುಮಧ್ಯಾಹ್ನದ ನೆರಳನ್ನು ಕಳೆದು, ವಸ್ತುವಿನಷ್ಟೇ ನೆರಳು ಬಿದ್ದಾಗ ಶುರು ಎನ್ನುತ್ತಾರೆ ಶಾಫಿಈಗಳು, ಎರಡು ಪಟ್ಟು ಬೀಳಬೇಕು ಎನ್ನುತ್ತಾರೆ ಅಬೂ ಹನೀಫ. ಎರಡೂ ಕಡೆಯವರು ಹದೀಸನ್ನೇ ಆಧಾರ ಕೊಡುತ್ತಾರೆ. ಅಬೂ ಹನೀಫರ ಶಿಷ್ಯರೂ ಶಾಫಿಈಯವರ ಗುರುಗಳೂ ಆಗಿದ್ದ ಶೈಬಾನಿ ಈ ವಿಷಯದಲ್ಲಿ ಒಂದು ಪಟ್ಟು ಸಾಕು ಎಂದವರು.