ತೊಡೆಯ ನೋವು ಬೇರೆ, ಮೂಳೆಯ ನೋವು ಬೇರೆ

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಡೆದೇ ಇಳಿದು ಬಂದವರಿಗೆ ಅಂದು ಸಂಜೆ ಅಂಥ ತೊಂದರೆಯೇನೂ ಇರುವುದಿಲ್ಲ. ಸೋಮವಾರ ಏಳುವಾಗ ತೊಡೆ ಬಿಗಿದುಕೊಂಡಿರುತ್ತದೆ. ಮಂಗಳವಾರ ಮನೆಯ ನಾಲ್ಕು ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯಬೇಕಾಗುತ್ತದೆ. ಗುರುವಾರ, ಶುಕ್ರವಾರದ ಹೊತ್ತಿಗೆ ಆ ನೋವು ತಾನಾಗಿಯೇ ಇಳಿದುಹೋಗುತ್ತದೆ.

ತಡವಾಗಿ ಬಂದು, ಎರಡನೆಯ ಮೂರನೆಯ ದಿನ ಏರಿ, ವಾರದೊಳಗೆ ಮಾಯವಾಗುವುದು ಸಾಮಾನ್ಯ ಸ್ನಾಯುನೋವಿನ ಗುರುತು. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂದು ಬಹಳ ಮಂದಿ ಇಂದಿಗೂ ನಂಬಿದ್ದಾರೆ. ಆದರೆ ಆ ಆಮ್ಲ ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೇ ರಕ್ತದಿಂದ ತೊಲಗಿರುತ್ತದೆ. ಮಂಗಳವಾರದ ನೋವಿನ ಹೊಣೆಯನ್ನು ಅದರ ಮೇಲೆ ಹೊರಿಸಲಾಗದು. ನಿಜವಾದ ಕಾರಣ ಇಳಿಯುವುದರಲ್ಲಿದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆ ಎಳೆತದಲ್ಲಿ ಸ್ನಾಯುವಿನ ಎಳೆಗಳಿಗೂ ಅವುಗಳ ಸುತ್ತಲ ಪೊರೆಗೂ ಸೂಕ್ಷ್ಮವಾದ ಹಾನಿಯಾಗುತ್ತದೆ. ಅದನ್ನು ಸರಿಪಡಿಸಲು ದೇಹ ಹೂಡುವ ಉರಿಯೂತಕ್ಕೆ ಸಮಯ ಬೇಕು, ಅದಕ್ಕೇ ನೋವೂ ತಡ. ಎರಡು ವಾರ ಬಿಟ್ಟು ಅದೇ ಬೆಟ್ಟ ಇಳಿದರೆ ನೋವು ಬಹಳ ಕಡಿಮೆ. ಸ್ನಾಯು ಆ ಕೆಲಸಕ್ಕೆ ಒಗ್ಗಿಕೊಂಡಿರುತ್ತದೆ.

ಹತ್ತು ಕಿಲೋಮೀಟರ್ ಓಟಕ್ಕೆ ತಯಾರಾಗುತ್ತಿದ್ದ ನನ್ನ ಗೆಳೆಯರೊಬ್ಬರು ಇಂಥದೇ ಒಂದು ಮಂಗಳವಾರ ನನಗೆ ಸಿಕ್ಕರು. ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವರು ಮೂರೇ ವಾರದಲ್ಲಿ ಅದನ್ನು 30ಕ್ಕೆ ಏರಿಸಿದ್ದರು, ಮೇಲೆ ಬೆಟ್ಟವನ್ನೂ ಸೇರಿಸಿಕೊಂಡಿದ್ದರು. “ಕಾಲೆಲ್ಲ ಹಿಡಿದುಕೊಂಡಿದೆ, ಓಡಿದರೆ ಬಿಟ್ಟುಕೊಳ್ಳುತ್ತದೆ ಬಿಡಿ” ಎಂದರು. ಅವರ ಕಾಲಿನಲ್ಲಿ ಎರಡು ನೋವುಗಳಿದ್ದವು, ಅವರು ಎರಡನ್ನೂ ಒಂದೇ ಮಾಡಿಕೊಂಡಿದ್ದರು.

ತೊಡೆಯ ನೋವು ಎರಡೂ ಕಾಲಿಗೆ ಸಮನಾಗಿತ್ತು. ಎಲ್ಲಿ ಎಂದು ಕೇಳಿದರೆ ಅಂಗೈಯನ್ನು ಅಗಲವಾಗಿ ಸವರಿ ತೋರಿಸುತ್ತಿದ್ದರು. ಹತ್ತು ನಿಮಿಷ ನಡೆದರೆ ಸಡಿಲವಾಗುತ್ತಿತ್ತು. ಇನ್ನೊಂದು ನೋವು ಬಲಗಾಲಿನಲ್ಲಿ ಮಾತ್ರ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕೈಗೆ ಸಿಗುವ ಉದ್ದ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳಿಟ್ಟು, ಪಾದದ ಗಂಟಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಒತ್ತುತ್ತ ಹೋಗಲು ಹೇಳಿದೆ. ರೂಪಾಯಿ ನಾಣ್ಯದಷ್ಟು ಒಂದು ಜಾಗ ಬಂದಾಗ ಅವರು ಕಾಲನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡರು. ಓಡಿದಷ್ಟೂ ಅಲ್ಲಿ ನೋವು ಹೆಚ್ಚಾಗುತ್ತಿತ್ತು. ಹಿಂದಿನ ರಾತ್ರಿ ಮಲಗಿದಾಗಲೂ ನೋಯುತ್ತಿತ್ತಂತೆ.

ಆ ಅಂಚಿನ ಉದ್ದಕ್ಕೂ ಐದು ಸೆಂಟಿಮೀಟರಿಗಿಂತ ಹೆಚ್ಚು ಹರಡಿದ ನೋವಾದರೆ ಅದು ಬಹುಮಟ್ಟಿಗೆ ಓಟಗಾರರಲ್ಲಿ ಸಾಮಾನ್ಯವಾದ ಮೂಳೆಯಂಚಿನ ನೋವು. ಓಟವನ್ನು ತಗ್ಗಿಸಿದರೆ ಹತೋಟಿಗೆ ಬರುತ್ತದೆ. ಒಂದೇ ಬಿಂದುವಿನಲ್ಲಿ ನೋವಿದ್ದರೆ ಮೂಳೆಯೇ ಬಿರುಕು ಬಿಡುವ ಹಾದಿಯಲ್ಲಿದೆ ಎಂದು ಶಂಕಿಸಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವುದು ವಾರಗಳ ಕೆಲಸ, ಕಟ್ಟುವುದು ತಿಂಗಳುಗಳ ಕೆಲಸ. ನಡುವಿನ ಆ ಅವಧಿಯಲ್ಲಿ ಮೂಳೆ ದುರ್ಬಲವಾಗಿರುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಗೆಳೆಯರ ಎಕ್ಸ್‌ರೇ ಕೂಡ ಶುಭ್ರವಾಗಿತ್ತು. ಎಂಆರ್‌ಐಯಲ್ಲಿ ಊತ ಕಂಡಿತು.

ತೊಡೆನೋವಿನ ಮಟ್ಟಿಗೆ ಅವರು ಪೂರ್ತಿ ಮಲಗಬೇಕಿರಲಿಲ್ಲ. ನೋವನ್ನು ಹತ್ತು ಅಂಕಕ್ಕೆ ಅಳೆದರೆ ಅದು ಮೂರನ್ನು ಮೀರದ ತನಕ ನಡಿಗೆ, ಹಗುರವಾದ ಸೈಕಲ್, ತೋಳಿನ ವ್ಯಾಯಾಮ ಎಲ್ಲವೂ ಸರಿಯೇ. ಗೋಡೆ ಹಿಡಿಯದೆ ಮೆಟ್ಟಿಲು ಇಳಿಯಲು ಆಗುವವರೆಗೆ ಭಾರ ಎತ್ತುವುದು, ವೇಗದ ಓಟ ಬೇಡ. ನೋವಿನ ಜೊತೆಗೆ ಸ್ನಾಯುವಿನ ಬಲವೂ ಕುಗ್ಗಿರುತ್ತದೆ, ಕಾಲು ತಪ್ಪಿಟ್ಟರೆ ಮೊಣಕಾಲು ತಿರುಚುತ್ತದೆ. ಮೂಳೆಯ ನೋವಿಗೆ ಮಾತ್ರ ಈ ಮೂರರ ಲೆಕ್ಕ ಸಲ್ಲದು. ಅಲ್ಲಿ ಸ್ವಲ್ಪ ನೋವಿದ್ದರೂ ಓಟ ನಿಲ್ಲಬೇಕು. ನೋವಿನ ಮಾತ್ರೆ ನುಂಗಿ ಓಡುವುದಂತೂ ಕೂಡದು.

“ಓಡಿದರೆ ಬಿಟ್ಟುಕೊಳ್ಳುತ್ತದೆ” ಎಂಬ ಮಾತಿನಲ್ಲೂ ಒಂದು ಅಪಾಯವಿದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಕೆಟ್ಟಿದ್ದಾಗಲೂ ಮೈ ಬಿಸಿಯಾದಂತೆ ನೋವು ಮರೆಯಾಗುತ್ತದೆ, ಮರುದಿನ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯಲ್ಲಿ ಮತ್ತೆ ಚುಚ್ಚುತ್ತದೆ. ಆದ್ದರಿಂದ ಓಡುವಾಗಿನ ನೋವಿಗಿಂತ ಮರುದಿನ ಬೆಳಗಿನ ನೋವನ್ನು ನಾನು ಹೆಚ್ಚು ನಂಬುತ್ತೇನೆ. ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಅಂದಿನ ವ್ಯಾಯಾಮ ಅರ್ಧಕ್ಕಿಳಿಯಬೇಕು.

ಒಂದು ಲಕ್ಷಣಕ್ಕೆ ಮಾತ್ರ ಬೆಳಗಿನವರೆಗೂ ಕಾಯಬಾರದು. ಮಿತಿಮೀರಿದ ವ್ಯಾಯಾಮದ ನಂತರ ಸ್ನಾಯು ಊದಿ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯು ಒಡೆದು ಅದರ ಪ್ರೋಟೀನು ಮೂತ್ರಪಿಂಡ ಸೇರುತ್ತಿದೆ ಎಂದರ್ಥ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗೆಳೆಯರು ವೈದ್ಯರ ಮಾತಿನಂತೆ ಆರು ವಾರ ಓಡಲಿಲ್ಲ. ನೋವಿಲ್ಲದೆ ನಡೆಯುವಂತಾದ ಮೇಲೆ ಈಜಿದರು, ಸೈಕಲ್ ತುಳಿದರು. ಈಗ ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತಿದ್ದಾರೆ. ಓಡಿದ ಮರುದಿನ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತು ಆ ನಾಣ್ಯದಗಲದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.