ಅಡುಗೆಮನೆಯ ಒಳಮೂಲೆಯ ಲೆಕ್ಕ: ಕ್ಯಾಬಿನೆಟ್, ಫಿಲ್ಲರ್ ಮತ್ತು ತೆರೆಯುವ ಜಾಗ

ಎಲ್ ಆಕಾರದ ಮಾಡ್ಯುಲರ್ ಅಡುಗೆಮನೆಯನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ನೇರ ಗೋಡೆಯ ಕೆಲಸ ಬೇಗ ಮುಗಿಯುತ್ತದೆ. ತಪ್ಪುಗಳು ಹೆಚ್ಚಾಗಿ ಅಡಗಿರುವುದು ಎರಡು ಸಾಲುಗಳು ಸೇರುವ ಒಳಮೂಲೆಯಲ್ಲಿ. ಆದ್ದರಿಂದ ಈ ಟಿಪ್ಪಣಿಯಲ್ಲಿ ಒಂದೇ ಮೂಲೆಯನ್ನು ತೆಗೆದುಕೊಂಡು ಅದರ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿದ್ದೇನೆ. ನಾನು ಬಳಸಿದ ತಂತ್ರಾಂಶ SketchUp. ಆದರೆ ಲೆಕ್ಕ ಯಾವ ತಂತ್ರಾಂಶಕ್ಕೂ ಒಂದೇ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿವೆ.

‘ಅ’ ಗೋಡೆ ಎಡತುದಿಯಲ್ಲಿ ಒಂದು ಅಡ್ಡಗೋಡೆಯಿಂದ ಆರಂಭವಾಗಿ ಬಲತುದಿಯಲ್ಲಿ ‘ಬ’ ಗೋಡೆಯನ್ನು ಸೇರುತ್ತದೆ. ನಕ್ಷೆಯಲ್ಲಿ ಅದರ ಉದ್ದ 3000 ಎಂದಿತ್ತು. ಸ್ಥಳದಲ್ಲಿ ನೆಲದ ಬಳಿ, ಕೌಂಟರಿನ ಎತ್ತರದಲ್ಲಿ ಮತ್ತು ಅದಕ್ಕೂ ಮೇಲೆ ಅಳೆದಾಗ ಕ್ರಮವಾಗಿ 3001, 2992 ಮತ್ತು 2998 ಬಂದವು. ಇಂಥಲ್ಲಿ ಸರಾಸರಿ ತೆಗೆಯಬಾರದು. ಗೋಡೆ ಎಲ್ಲಿ ಅತ್ಯಂತ ಇಕ್ಕಟ್ಟಾಗಿದೆಯೋ ಅಲ್ಲಿಯೂ ಪೆಟ್ಟಿಗೆಗಳು ಕೂರಬೇಕಾದ್ದರಿಂದ ಮಾದರಿಯಲ್ಲಿ 2992 ಅನ್ನೇ ಇಟ್ಟುಕೊಳ್ಳಬೇಕು.

ಮೂಲೆ ಲಂಬಕೋನದಲ್ಲಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಮೂಲೆಯಿಂದ ಒಂದು ಗೋಡೆಯ ಮೇಲೆ 900, ಇನ್ನೊಂದರ ಮೇಲೆ 1200 ಗುರುತು ಹಾಕಿದರೆ ಗುರುತುಗಳ ನಡುವಿನ ಕರ್ಣ ಸರಿಯಾಗಿ 1500 ಇರಬೇಕು. ಇಲ್ಲಿ ಅದು 1494 ಬಂತು. ಕರ್ಣ ಕಡಿಮೆಯಾದರೆ ಕೋನ 90 ಡಿಗ್ರಿಗಿಂತ ಕಿರಿದು, ಅಂದರೆ ‘ಬ’ ಗೋಡೆ ಒಳಗೆ ವಾಲಿದೆ ಎಂದರ್ಥ. ಈ ಆರು ಮಿಲಿಮೀಟರ್ ವ್ಯತ್ಯಾಸವನ್ನು ಬಿಡಿಸಿ ನೋಡಿದರೆ ವಾಲುವಿಕೆ ಪ್ರತಿ ಮೀಟರಿಗೆ ಸುಮಾರು 8 ಎಂದು ತಿಳಿಯುತ್ತದೆ. ಸಣ್ಣದೆಂದು ಕಾಣುವ ಈ ಅಂಕಿಯೇ ಮುಂದೆ ಫಿಲ್ಲರಿನ, ಅಂದರೆ ಸಾಲಿನ ತುದಿಯಲ್ಲಿ ಉಳಿಯುವ ಸಂದನ್ನು ಮುಚ್ಚುವ ಪಟ್ಟಿಯ, ಅಗಲವನ್ನು ತೀರ್ಮಾನಿಸುತ್ತದೆ.

ಬೇಸ್ ಕ್ಯಾಬಿನೆಟ್‌ನ ಪೆಟ್ಟಿಗೆಯ ಆಳ 560. ಬಾಗಿಲಿನ ದಪ್ಪ ಮತ್ತು ಅದರ ಹಿಂದಿನ ಸಂದು ಸೇರಿ ಇನ್ನೂ 20. ಹೀಗಾಗಿ ‘ಬ’ ಸಾಲಿನ ಮುಂಭಾಗ ಅದರ ಗೋಡೆಯಿಂದ 580 ದೂರದಲ್ಲಿರುತ್ತದೆ, ಮತ್ತು ‘ಅ’ ಗೋಡೆಯಲ್ಲಿ ನಮಗೆ ಉಳಿಯುವುದು 2992 − 580 = 2412. ಅಲ್ಲಿ ಇಡಬೇಕಾದವು ಮೂರು: 600 ಅಗಲದ ಡಿಶ್‌ವಾಷರ್ ಜಾಗ, 800ರ ಸಿಂಕ್ ಕ್ಯಾಬಿನೆಟ್ ಮತ್ತು 900ರ ಡ್ರಾಯರ್ ಕ್ಯಾಬಿನೆಟ್. ಇವುಗಳ ಮೊತ್ತ 2300. ಮಿಕ್ಕ 112 ಎರಡು ತುದಿಗಳ ಫಿಲ್ಲರಿಗೆ ಸೇರಿದ್ದು. ಈ ಶೇಷವನ್ನು ತುಂಬಲು Scale ಉಪಕರಣದಿಂದ ಕ್ಯಾಬಿನೆಟ್ ಅನ್ನು ಹಿಗ್ಗಿಸುವುದು ಕಲಿಯುವವರು ಮಾಡುವ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಹಲಗೆಯ ದಪ್ಪವೂ ಹಿಗ್ಗುತ್ತದೆ, ಮತ್ತು ಯಾರೂ ತಯಾರಿಸದ ಅಗಲದ ಪೆಟ್ಟಿಗೆಯೊಂದು ಪಟ್ಟಿಗೆ ಸೇರಿಬಿಡುತ್ತದೆ. ಕ್ಯಾಬಿನೆಟ್‌ನ ಅಗಲ ಸ್ಥಿರ; ಹೊಂದಿಕೊಳ್ಳಬೇಕಾದುದು ಫಿಲ್ಲರ್ ಮಾತ್ರ.

ನನ್ನ ಮೊದಲ ಕರಡಿನಲ್ಲಿ ಡಿಶ್‌ವಾಷರ್ ಮೂಲೆಯ ಪಕ್ಕದಲ್ಲಿತ್ತು. ನಡುವೆ 50ರ ಫಿಲ್ಲರ್. ಯಾವ ಪೆಟ್ಟಿಗೆಯೂ ಇನ್ನೊಂದರ ಮೇಲೆ ಬಿದ್ದಿರಲಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎಂದುಕೊಂಡೆ. ಆದರೆ ಪರದೆಯ ಮೇಲಿದ್ದದ್ದು ಎಲ್ಲ ಬಾಗಿಲುಗಳೂ ಮುಚ್ಚಿದ ಅಡುಗೆಮನೆ. ಡಿಶ್‌ವಾಷರಿನ ಬಾಗಿಲು ಕೆಳಕ್ಕೆ ತೆರೆದುಕೊಂಡು ಕೋಣೆಯೊಳಕ್ಕೆ ಅರ್ಧ ಮೀಟರಿಗಿಂತ ಹೆಚ್ಚು ಚಾಚುತ್ತದೆ. ‘ಬ’ ಸಾಲಿನಲ್ಲಿ ಮೂಲೆಗೆ ಹತ್ತಿರವಿದ್ದ, ತಟ್ಟೆಗಳಿಗೆಂದು ಇಟ್ಟಿದ್ದ ಡ್ರಾಯರ್ ಹೊರಗೆ ಬರುವುದೂ ಅದೇ ಜಾಗಕ್ಕೆ. ಎಂದರೆ ತೊಳೆದ ತಟ್ಟೆಗಳನ್ನು ಯಂತ್ರದಿಂದ ತೆಗೆದು ಡ್ರಾಯರಿಗೆ ಹಾಕಬೇಕಾದ ಹೊತ್ತಿನಲ್ಲೇ ಡ್ರಾಯರ್ ತೆರೆಯುವುದಿಲ್ಲ. ಅಮೆರಿಕದ ನ್ಯಾಷನಲ್ ಕಿಚನ್ ಅಂಡ್ ಬಾತ್ ಅಸೋಸಿಯೇಷನ್ನಿನ ಮಾರ್ಗಸೂಚಿ ಡಿಶ್‌ವಾಷರಿನ ಅಂಚಿಗೂ ಅದಕ್ಕೆ ಲಂಬವಾಗಿರುವ ಕ್ಯಾಬಿನೆಟ್‌ಗೂ ನಡುವೆ ಕನಿಷ್ಠ 21 ಅಂಗುಲ, ಅಂದರೆ 533 ಮಿಲಿಮೀಟರ್ ನಿಲ್ಲುವ ಜಾಗವನ್ನು ಕೇಳುತ್ತದೆ. ನನ್ನ ಕರಡಿನಲ್ಲಿ ಇದ್ದುದು ಕೇವಲ 50.

ಇಂಥ ತಪ್ಪು ಕಣ್ಣಿಗೆ ಬೀಳಬೇಕಾದರೆ ತೆರೆಯುವ ಜಾಗವನ್ನೂ ವಸ್ತುವಿನಂತೆಯೇ ಚಿತ್ರಿಸಬೇಕು. `CLEARANCE` ಎಂಬ ಟ್ಯಾಗ್ ಮಾಡಿಕೊಂಡು, ಬಾಗಿಲೋ ಡ್ರಾಯರೋ ಪೂರ್ತಿ ತೆರೆದಾಗ ಆವರಿಸುವ ಜಾಗವನ್ನು ಒಂದೊಂದು ಪೆಟ್ಟಿಗೆಯಾಗಿ ಎಬ್ಬಿಸಿ, ಪ್ರತಿಯೊಂದನ್ನೂ ಬೇರೆ ಗ್ರೂಪ್ ಮಾಡಿ ಅರೆಪಾರದರ್ಶಕ ಬಣ್ಣ ಕೊಟ್ಟೆ. ಡ್ರಾಯರಿಗೆ ಮುಂಭಾಗದಿಂದ 500, ಡಿಶ್‌ವಾಷರಿಗೆ 650 ಹಿಡಿದೆ. ಯಂತ್ರ ನಿಗದಿಯಾದ ಬಳಿಕ ಅದರ ಅಳವಡಿಕೆ ಕೈಪಿಡಿಯ ಅಂಕಿಯನ್ನೇ ಹಾಕಬೇಕು. Camera ಪಟ್ಟಿಯಲ್ಲಿ Parallel Projection ಆರಿಸಿ Top ನೋಟಕ್ಕೆ ಹೋದರೆ ಎರಡು ಬಣ್ಣಗಳು ಒಂದರ ಮೇಲೊಂದು ಬಿದ್ದ ಕಡೆಯೆಲ್ಲ ಘರ್ಷಣೆ ಇದೆ. ಎಲ್ಲ ಘರ್ಷಣೆಯೂ ದೋಷವಲ್ಲ. ಒಂದೇ ಹೊತ್ತಿಗೆ ಎರಡನ್ನೂ ತೆರೆಯುವ ಅಗತ್ಯ ಬರುತ್ತದೆಯೇ ಎಂಬುದನ್ನು ಮನುಷ್ಯನೇ ತೀರ್ಮಾನಿಸಬೇಕು.

ಎರಡನೆಯ ಕರಡಿನಲ್ಲಿ ಡಿಶ್‌ವಾಷರ್ ಎಡತುದಿಗೆ, ಸಿಂಕ್ ನಡುವೆ ಮತ್ತು 900ರ ಡ್ರಾಯರ್ ಕ್ಯಾಬಿನೆಟ್ ಮೂಲೆಯ ಕಡೆಗೆ ಬಂದವು. ಯಂತ್ರ ಸಿಂಕಿನ ಪಕ್ಕದಲ್ಲೇ ಉಳಿಯಿತು, ತಟ್ಟೆಗಳ ಡ್ರಾಯರ್ ಅದೇ ಸಾಲಿಗೆ ಬಂತು. ಈಗ ಉಳಿದದ್ದು 112 ಅನ್ನು ಹಂಚುವ ಕೆಲಸ.

ಮೂಲೆಯ ಫಿಲ್ಲರ್ ಎಷ್ಟಿರಬೇಕು? ‘ಬ’ ಸಾಲಿನ ಮುಂಭಾಗ 580ರಲ್ಲಿದೆ, ಅದರ ಹ್ಯಾಂಡಲ್ ಇನ್ನೂ 40 ಮುಂದೆ ಚಾಚಿ 620ಕ್ಕೆ ಬರುತ್ತದೆ. 50ರ ಫಿಲ್ಲರ್ ಹಾಕಿದರೆ ‘ಅ’ ಸಾಲಿನ ಡ್ರಾಯರಿನ ಅಂಚು 630ರಲ್ಲಿ. ಕಾಗದದ ಮೇಲೆ 10 ಅಂತರವಿದೆ. ಆದರೆ ಡ್ರಾಯರ್ ಹೊರಬಂದಾಗ ಅದರ ಮುಂಭಾಗ ‘ಅ’ ಗೋಡೆಯಿಂದ 1080 ದೂರ ತಲುಪುತ್ತದೆ, ಮತ್ತು ಅಷ್ಟು ದೂರಕ್ಕೆ ‘ಬ’ ಗೋಡೆ 9ರಷ್ಟು ಒಳಗೆ ವಾಲಿರುತ್ತದೆ. ಹತ್ತರಲ್ಲಿ ಒಂಬತ್ತು ಹೋಗಿ ಒಂದು ಮಿಲಿಮೀಟರ್ ಉಳಿಯುತ್ತದೆ. ಅಳವಡಿಕೆಯಲ್ಲಿ ಸ್ವಲ್ಪ ಏರುಪೇರಾದರೂ ಹ್ಯಾಂಡಲ್ ಡ್ರಾಯರಿನ ಅಂಚನ್ನು ಗೀರುತ್ತದೆ. ಮಾದರಿಯಲ್ಲಿ ಮೂಲೆಯನ್ನು ನಿಖರ 90 ಡಿಗ್ರಿಗೆ ಎಳೆದವರಿಗೆ ಇದು ಕಾಣುವುದೇ ಇಲ್ಲ. ಫಿಲ್ಲರ್ ಅನ್ನು 70ಕ್ಕೆ ಏರಿಸಿದರೆ ಅಂಚು 650ಕ್ಕೆ ಸರಿದು, ವಾಲುವಿಕೆ ಕಳೆದ ಮೇಲೂ 21 ಉಳಿಯುತ್ತದೆ. ನಾನು ಇದನ್ನೇ ಆರಿಸಿದೆ.

ಎಡತುದಿಗೆ ಮಿಕ್ಕಿದ್ದು 42. ಇಲ್ಲಿ ಮರೆತುಹೋಗುವ ವಸ್ತುವೊಂದಿದೆ. ಡಿಶ್‌ವಾಷರ್ ಕ್ಯಾಬಿನೆಟ್ ಅಲ್ಲ; ಅದು ಕೌಂಟರಿನ ಭಾರ ಹೊರುವುದಿಲ್ಲ, ಫಿಲ್ಲರ್ ಅನ್ನು ಅದಕ್ಕೆ ತಿರುಪಿನಿಂದ ಬಿಗಿಯಲೂ ಆಗದು. ಆದ್ದರಿಂದ ಯಂತ್ರಕ್ಕೂ ಅಡ್ಡಗೋಡೆಗೂ ನಡುವೆ ನೆಲದಿಂದ ಕೌಂಟರಿನವರೆಗೆ ಒಂದು ಆಧಾರ ಹಲಗೆ ಬೇಕು. ಅದರ ದಪ್ಪ 18. ಫಿಲ್ಲರಿಗೆ ಉಳಿಯುವುದು 24. ಗೋಡೆಯ ಉಬ್ಬುತಗ್ಗಿಗೆ ತಕ್ಕಂತೆ ಕೆತ್ತಿ ಕೂರಿಸಲು ಇಷ್ಟು ಸಾಕು, ಏಕೆಂದರೆ ಡಿಶ್‌ವಾಷರಿನ ಬಾಗಿಲು ಪಕ್ಕಕ್ಕೆ ತಿರುಗುವುದಿಲ್ಲ. ಅದೇ ಜಾಗದಲ್ಲಿ ಗೋಡೆಯ ಕಡೆ ಕೀಲಿರುವ ಬಾಗಿಲಿದ್ದಿದ್ದರೆ, ಅದು 90 ಡಿಗ್ರಿ ದಾಟುವ ಮೊದಲೇ ಹ್ಯಾಂಡಲ್ ಗೋಡೆಗೆ ತಾಗುತ್ತಿತ್ತು; ಆಗ 24 ಸಾಲದೆ ಕ್ಯಾಬಿನೆಟ್‌ನ ಅಗಲವನ್ನೇ ಬದಲಿಸಬೇಕಾಗುತ್ತಿತ್ತು.

ಕೊನೆಯ ತಾಳೆ ಹೀಗಿದೆ:

```
24 + 18 + 600 + 800 + 900 + 70 + 580 = 2992
```

‘ಬ’ ಸಾಲಿನ ಕಡೆಯ ಮೂಲೆ ಫಿಲ್ಲರಿಗೂ ಇದೇ ಪ್ರಶ್ನೆ ಕೇಳಬೇಕು: ‘ಅ’ ಸಾಲಿನ ಹ್ಯಾಂಡಲ್ ಎಷ್ಟು ಮುಂದೆ ಬರುತ್ತದೆ? ಆ ಕಡೆಯ ತುದಿ ತೆರೆದಿರುವುದರಿಂದ ಅಲ್ಲಿಯೂ 70 ಇಡಲು ಯಾವ ಅಡ್ಡಿಯೂ ಇರಲಿಲ್ಲ. ಎರಡೂ ಫಿಲ್ಲರ್‌ಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಬಿಗಿದು ಒಂದೇ ಘಟಕವಾಗಿ ಮಾಡಿಸಿದರೆ ಹ್ಯಾಂಡಲ್ ಬದಲಾಗದಿರುವವರೆಗೂ ಈ ಲೆಕ್ಕ ನಿಲ್ಲುತ್ತದೆ. ಹೆಚ್ಚು ಚಾಚುವ ಹ್ಯಾಂಡಲ್ ಆರಿಸಿದ ದಿನ 620ರಿಂದ ಮತ್ತೆ ಆರಂಭಿಸಬೇಕು.